ಪುರಾವೆ ಎಷ್ಟಿದೆಯೋ ಅಷ್ಟೇ ಮಾತು: ಸಂಶೋಧನೆಯ ಸಾರಾಂಶ ತಿದ್ದುವುದು ಹೇಗೆ?

ಉದ್ದನೆಯ ಸಂಶೋಧನಾ ವರದಿಯನ್ನು ನಾಲ್ಕು ಸಾಲಿಗೆ ಇಳಿಸುವಾಗ ತಪ್ಪು ನುಸುಳುವುದು ಹೆಚ್ಚಾಗಿ ವಾಕ್ಯದ ಕೊನೆಯಲ್ಲಿ, ಕ್ರಿಯಾಪದದಲ್ಲಿ. ‘ಕಡಿಮೆ ಮಾಡುತ್ತದೆ’, ‘ಕಡಿಮೆ ಮಾಡಬಹುದು’, ‘ಕಡಿಮೆ ಇದ್ದದ್ದು ಕಂಡುಬಂತು’ ಈ ಮೂರೂ ಬೇರೆ ಬೇರೆ ಭರವಸೆ ಕೊಡುತ್ತವೆ. ಯಾವುದನ್ನು ಎಲ್ಲಿ ಬಳಸಬೇಕು ಎಂಬುದನ್ನು ಕಿವಿಗೆ ಬಿಡದೆ ಪುರಾವೆಗೆ ಬಿಡಬೇಕು.

ಇದಕ್ಕೆ ಮುಟ್ಟು ನಿಂತ ಮಹಿಳೆಯರಿಗೆ ಕೊಡುವ ಹಾರ್ಮೋನ್ ಮಾತ್ರೆಗಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1990ರ ದಶಕದವರೆಗಿನ ಹಲವು ಅಧ್ಯಯನಗಳಲ್ಲಿ, ಈ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಹೃದಯರೋಗ ಮೂರನೇ ಒಂದು ಪಾಲಿನಿಂದ ಅರ್ಧದವರೆಗೂ ಕಡಿಮೆ ಕಂಡಿತ್ತು. ಆದರೆ ಅವು ವೀಕ್ಷಣಾ ಅಧ್ಯಯನಗಳು. ಮಾತ್ರೆ ಯಾರಿಗೆ ಎಂದು ಸಂಶೋಧಕರು ನಿರ್ಧರಿಸಿರಲಿಲ್ಲ. ತಾವಾಗಿಯೇ ತೆಗೆದುಕೊಂಡವರನ್ನೂ ತೆಗೆದುಕೊಳ್ಳದವರನ್ನೂ ಹೋಲಿಸಿದ್ದರು. ಮಾತ್ರೆ ಆರಿಸಿಕೊಂಡವರಲ್ಲಿ ಓದಿದವರು, ಉಳ್ಳವರು, ಆರೋಗ್ಯದ ಕಡೆ ಮೊದಲೇ ಗಮನ ಕೊಡುವವರು ಹೆಚ್ಚಿದ್ದರು. ಅವರ ಹೃದಯ ಚೆನ್ನಾಗಿದ್ದದ್ದಕ್ಕೆ ಮಾತ್ರೆ ಕಾರಣವೋ, ಬದುಕಿನ ಅನುಕೂಲ ಕಾರಣವೋ ಎಂದು ಬಿಡಿಸಿ ಹೇಳಲು ಅಲ್ಲಿ ದಾರಿಯಿರಲಿಲ್ಲ.

2002ರ ಜುಲೈನಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಪ್ರಯೋಗದ ಫಲಿತಾಂಶ ಬಂತು. 50ರಿಂದ 79 ವಯಸ್ಸಿನ 16,608 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಕೂಡಿದ ಮಾತ್ರೆ, ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆ ಕೊಟ್ಟಿದ್ದರು. ಸರಾಸರಿ 5.2 ವರ್ಷದ ನಂತರ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಹೃದಯರೋಗ ಕಡಿಮೆಯಾಗಿರಲಿಲ್ಲ, ಬದಲಿಗೆ ಶೇ 29ರಷ್ಟು ಹೆಚ್ಚು ಕಂಡಿತ್ತು.

ಈ ಪ್ರಯೋಗದ ಸಾರಾಂಶವನ್ನು ಯಾರೋ ಹೀಗೆ ಬರೆದಿದ್ದಾರೆ ಎಂದುಕೊಳ್ಳಿ:

‘ಹಾರ್ಮೋನ್ ಚಿಕಿತ್ಸೆ ಮಹಿಳೆಯರಲ್ಲಿ ಹೃದಯರೋಗವನ್ನು ಶೇ 29ರಷ್ಟು ಹೆಚ್ಚಿಸುತ್ತದೆ ಎಂದು ಸಾಬೀತಾಗಿದೆ. ಸೊಂಟದ ಮೂಳೆ ಮುರಿತವನ್ನು ತಡೆಯುತ್ತದೆ. ಸಾವಿನ ಪ್ರಮಾಣದ ಮೇಲೆ ಯಾವ ಪರಿಣಾಮವೂ ಇಲ್ಲ.’

ಮೂರು ವಾಕ್ಯಗಳಲ್ಲಿ ಮೂರು ಬೇರೆ ತಪ್ಪುಗಳಿವೆ.

ಮೊದಲ ಕೆಲಸ, ಪ್ರತಿ ವಾಕ್ಯದ ಕ್ರಿಯಾಪದಕ್ಕೆ ಅಡಿಗೆರೆ ಎಳೆಯುವುದು. ಇಲ್ಲಿ ಸಿಗುವುದು ‘ಹೆಚ್ಚಿಸುತ್ತದೆ’, ‘ಸಾಬೀತಾಗಿದೆ’, ‘ತಡೆಯುತ್ತದೆ’, ‘ಇಲ್ಲ’. ಪ್ರತಿಯೊಂದರ ಪಕ್ಕ ಮೂಲ ವರದಿ ನೋಡಿ ನಾಲ್ಕು ವಿಷಯ ಬರೆದುಕೊಳ್ಳಿ: ಎಂಥ ಅಧ್ಯಯನ, ಯಾರ ಮೇಲೆ, ಎಷ್ಟು ವ್ಯತ್ಯಾಸ, ಆ ವ್ಯತ್ಯಾಸದ ಶೇ 95ರ ವಿಶ್ವಾಸ ವ್ಯಾಪ್ತಿ, ಅಂದರೆ ಸಿಕ್ಕ ಅಂಕಿಗಳಿಗೆ ಒಪ್ಪುವ ನಿಜವಾದ ವ್ಯತ್ಯಾಸದ ಅಂದಾಜು ಮಿತಿ, ಎಲ್ಲಿಂದ ಎಲ್ಲಿಗೆ. ವರದಿಯ ಆರಂಭದ ಸಾರಭಾಗವನ್ನಷ್ಟೇ ನೋಡಿದರೆ ಸಾಲದು. ಫಲಿತಾಂಶದ ಪಟ್ಟಿಗೇ ಹೋಗಬೇಕು.

ಆಮೇಲೆ ಪುರಾವೆಯ ಮಟ್ಟ ನಿರ್ಧರಿಸಿ. ವೈದ್ಯಕೀಯದಲ್ಲಿ ಇದಕ್ಕೆ ‘ಗ್ರೇಡ್’ ಎಂಬ ಪದ್ಧತಿ ಬಳಕೆಯಲ್ಲಿದೆ. ಚೀಟಿ ಎತ್ತಿ ಹಂಚಿದ ಪ್ರಯೋಗ ಮೇಲಿನ ಮಟ್ಟದಿಂದ ಶುರುವಾಗುತ್ತದೆ, ವೀಕ್ಷಣಾ ಅಧ್ಯಯನ ಸಾಮಾನ್ಯವಾಗಿ ಕೆಳಮಟ್ಟದಿಂದ. ಅಧ್ಯಯನ ನಡೆಸಿದ ರೀತಿಯಲ್ಲಿ ದೋಷವಿದ್ದರೆ, ಒಂದೊಂದು ಅಧ್ಯಯನ ಒಂದೊಂದು ಹೇಳಿದರೆ, ಪರೀಕ್ಷೆಗೊಳಗಾದವರು ನಾವು ಬರೆಯುತ್ತಿರುವ ಜನರಿಗಿಂತ ಬೇರೆಯಾಗಿದ್ದರೆ, ವ್ಯಾಪ್ತಿ ತೀರಾ ಅಗಲವಾಗಿದ್ದರೆ, ಅನುಕೂಲಕರ ಫಲಿತಾಂಶಗಳಷ್ಟೇ ಪ್ರಕಟವಾದ ಅನುಮಾನವಿದ್ದರೆ ಮೆಟ್ಟಿಲು ಇಳಿಸಬೇಕು. ಕ್ರಿಯಾಪದ ಈ ಮಟ್ಟವನ್ನೇ ಹಿಂಬಾಲಿಸಲಿ. ಉನ್ನತ ಮಟ್ಟಕ್ಕೆ ‘ಹೆಚ್ಚಿಸುತ್ತದೆ’, ಮಧ್ಯಮಕ್ಕೆ ‘ಬಹುಶಃ ಹೆಚ್ಚಿಸುತ್ತದೆ’, ಕೆಳಮಟ್ಟಕ್ಕೆ ‘ಹೆಚ್ಚಿಸಬಹುದು’, ತೀರಾ ಕೆಳಗಿನದಕ್ಕೆ ‘ಹೆಚ್ಚಿಸುತ್ತದೋ ಇಲ್ಲವೋ ಈ ಪುರಾವೆಯಿಂದ ಹೇಳಲಾಗದು’.

ಈಗ ಮೊದಲ ವಾಕ್ಯ. ಔಷಧವಿಲ್ಲದ ಮಾತ್ರೆಯ ಗುಂಪಿಗೆ ಹೋಲಿಸಿದರೆ ಹಾರ್ಮೋನ್ ಗುಂಪಿನಲ್ಲಿ ಹೃದಯರೋಗದ ಅನುಪಾತ 1.29, ವ್ಯಾಪ್ತಿ 1.02ರಿಂದ 1.63. ಅನುಪಾತ 1 ಎಂದರೆ ಎರಡು ಗುಂಪಿಗೂ ವ್ಯತ್ಯಾಸವಿಲ್ಲ ಎಂದರ್ಥ; ವ್ಯಾಪ್ತಿಯ ಕೆಳತುದಿ ಅದಕ್ಕೆ ತಾಗಿಕೊಂಡೇ ಇದೆ. 2003ರ ಅಂತಿಮ ವಿಶ್ಲೇಷಣೆಯಲ್ಲಿ ಅನುಪಾತ 1.24ಕ್ಕೆ ಇಳಿದು, ಕೆಳತುದಿ ಸರಿಯಾಗಿ 1.00ಕ್ಕೆ ಬಂತು. ಹಾಗಾಗಿ ‘ಸಾಬೀತಾಗಿದೆ’ ಹೋಗಬೇಕು, ‘ಬಹುಶಃ’ ಬರಬೇಕು. ‘ಮಹಿಳೆಯರಲ್ಲಿ’ ಎಂಬುದೂ ಅತಿಯಾಯಿತು. ಭಾಗವಹಿಸಿದವರ ಸರಾಸರಿ ವಯಸ್ಸು 63, ಬಳಸಿದ್ದು ಒಂದು ನಿರ್ದಿಷ್ಟ ಔಷಧ ಜೋಡಿ. ಆಗಷ್ಟೇ ಮುಟ್ಟು ನಿಂತು ಬಿಸಿಯುರಿ, ಬೆವರಿನಿಂದ ಒದ್ದಾಡುವ 50ರ ಮಹಿಳೆಗೆ ಇದೇ ಅಂಕಿಯನ್ನು ನೇರವಾಗಿ ಅನ್ವಯಿಸಲಾಗದು. ‘ಮಹಿಳೆಯರಲ್ಲಿ’ ಎಂಬ ಈ ಒಂದು ಪದವನ್ನು ಬಿಗಿಗೊಳಿಸದೆ ‘ಬಹುದು’ಗಳನ್ನು ಎಷ್ಟು ಸೇರಿಸಿದರೂ ವಾಕ್ಯ ಸರಿಯಾಗುವುದಿಲ್ಲ.

ಶೇ 29 ಎಂಬುದೂ ಒಂಟಿಯಾಗಿ ನಿಂತರೆ ಹೆದರಿಸುತ್ತದೆ. ಪ್ರತಿ ಗುಂಪಿನಲ್ಲಿ 10,000 ಮಹಿಳೆಯರನ್ನು ಒಂದು ವರ್ಷ ಗಮನಿಸಿದರೆ ಔಷಧವಿಲ್ಲದ ಮಾತ್ರೆಯ ಗುಂಪಿನಲ್ಲಿ 30 ಜನರಿಗೆ, ಹಾರ್ಮೋನ್ ಗುಂಪಿನಲ್ಲಿ 37 ಜನರಿಗೆ ಹೃದಯರೋಗ. ಅಂದರೆ 7 ಹೆಚ್ಚು. ಈ ಲೆಕ್ಕ ಕೊಟ್ಟ ಮೇಲೆ ‘ಭಾರೀ’, ‘ಅಲ್ಪ’ ಎಂಬ ವಿಶೇಷಣಗಳ ಅಗತ್ಯ ಬೀಳುವುದಿಲ್ಲ.

ಎರಡನೇ ವಾಕ್ಯದಲ್ಲಿ ದಿಕ್ಕು ಸರಿ, ಪದ ತಪ್ಪು. ಸೊಂಟದ ಮುರಿತ 15ರಿಂದ 10ಕ್ಕೆ ಇಳಿದಿತ್ತು, ಅದೇ 10,000ಕ್ಕೆ. ‘ತಡೆಯುತ್ತದೆ’ ಎಂದರೆ ಓದುಗರು ಮುರಿಯುವುದೇ ಇಲ್ಲ ಎಂದುಕೊಳ್ಳುತ್ತಾರೆ. ‘ಕಡಿಮೆ ಮಾಡುತ್ತದೆ’ ಸಾಕು. ಇಲ್ಲಿ ‘ಬಹುದು’ ಸೇರಿಸಿದರೆ ಇರುವ ಪುರಾವೆಯನ್ನು ಕುಗ್ಗಿಸಿದಂತೆ. ಅದೂ ಅಷ್ಟೇ ದೊಡ್ಡ ತಪ್ಪು. ಎಚ್ಚರಿಕೆಯ ಹೆಸರಿನಲ್ಲಿ ಎಲ್ಲ ವಾಕ್ಯಗಳಿಗೂ ‘ಬಹುದು’ ಹಾಕಿದರೆ ಗಟ್ಟಿ ಯಾವುದು, ಜಳ್ಳು ಯಾವುದು ಎಂದು ಓದುಗರಿಗೆ ತಿಳಿಯುವುದಿಲ್ಲ.

ಮೂರನೆಯದು ಅನುಭವಿಗಳನ್ನೂ ಎಡವಿಸುತ್ತದೆ. ಸಾವಿನ ಅನುಪಾತ 0.98, ವ್ಯಾಪ್ತಿ 0.82ರಿಂದ 1.18. ಸಾವು ಶೇ 18ರಷ್ಟು ಇಳಿದಿರುವುದರಿಂದ ಹಿಡಿದು ಶೇ 18ರಷ್ಟು ಏರಿರುವವರೆಗೆ ಎಲ್ಲವೂ ಈ ಅಂಕಿಗೆ ಒಪ್ಪುತ್ತದೆ. ‘ವ್ಯತ್ಯಾಸ ಕಾಣಲಿಲ್ಲ’ ಎನ್ನಬಹುದು; ‘ಪರಿಣಾಮವಿಲ್ಲ’ ಎನ್ನುವಂತಿಲ್ಲ.

ತಿದ್ದಿದ ಸಾರಾಂಶ ಹೀಗಾಗುತ್ತದೆ:

‘ಸರಾಸರಿ 63 ವಯಸ್ಸಿನ, ಮುಟ್ಟು ನಿಂತ ಮಹಿಳೆಯರಲ್ಲಿ ಈಸ್ಟ್ರೊಜೆನ್–ಪ್ರೊಜೆಸ್ಟಿನ್ ಮಾತ್ರೆ ಬಹುಶಃ ಹೃದಯರೋಗವನ್ನು ಹೆಚ್ಚಿಸುತ್ತದೆ: ವರ್ಷಕ್ಕೆ 10,000 ಜನರಲ್ಲಿ 30ರ ಬದಲು 37. ಸೊಂಟದ ಮೂಳೆ ಮುರಿತವನ್ನು ಕಡಿಮೆ ಮಾಡುತ್ತದೆ: 15ರ ಬದಲು 10. ಸರಾಸರಿ 5.2 ವರ್ಷದಲ್ಲಿ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಶೇ 18ರವರೆಗಿನ ಏರಿಕೆ ಅಥವಾ ಇಳಿಕೆಯನ್ನು ತಳ್ಳಿಹಾಕಲಾಗದು.’

ಹಳೆಯ ವೀಕ್ಷಣಾ ಅಧ್ಯಯನಗಳ ಬಗ್ಗೆ ಬರೆಯಬೇಕಾಗಿದ್ದರೆ ‘ಮಾತ್ರೆ ಹೃದಯವನ್ನು ಕಾಪಾಡುತ್ತದೆ’ ಎನ್ನದೆ, ‘ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಹೃದಯರೋಗ ಕಡಿಮೆ ಇತ್ತು’ ಎಂದು ಭೂತಕಾಲದಲ್ಲಿ, ಗುಂಪನ್ನು ಹೆಸರಿಸಿ ಬರೆಯಬೇಕಿತ್ತು.

ಬರೆದಾದ ಮೇಲೆ ಎರಡು ಪರಿಶೀಲನೆ ಬಾಕಿ. ಒಂದೇ ವಾಕ್ಯದಲ್ಲಿ ‘ಬಹುಶಃ’, ‘ಇರಬಹುದು’, ‘ಎನ್ನಲಾಗಿದೆ’ ಮೂರೂ ಸೇರಿದ್ದರೆ ಒಂದನ್ನು ಉಳಿಸಿ ಮಿಕ್ಕವನ್ನು ಹೊಡೆದುಹಾಕಿ. ‘ಎನ್ನಲಾಗಿದೆ’ ಯಾರು ಹೇಳಿದ್ದೆಂಬುದನ್ನೇ ಮುಚ್ಚುವುದರಿಂದ ಮೊದಲು ಹೋಗಬೇಕಾದ್ದು ಅದೇ. ಕೊನೆಯದಾಗಿ ಶೀರ್ಷಿಕೆ. ಒಳಗೆ ‘ಬಹುಶಃ’ ಎಂದು ಬರೆದು ಮೇಲೆ ‘ಹಾರ್ಮೋನ್ ಮಾತ್ರೆ ಹೃದಯಕ್ಕೆ ಮಾರಕ’ ಎಂದು ಹಾಕಿದರೆ ಒಳಗಿನ ತಿದ್ದುಪಡಿ ವ್ಯರ್ಥ. ‘ಹೃದಯರೋಗ ತಡೆಯಲು ಹಾರ್ಮೋನ್ ಮಾತ್ರೆ ನೆರವಾಗಲಿಲ್ಲ’ ಎಂದರೆ ಪ್ರಯೋಗ ತೋರಿಸಿದ್ದನ್ನು ಮೀರುವುದಿಲ್ಲ, ಶೀರ್ಷಿಕೆಯ ಜಾಗದಲ್ಲೂ ಕೂರುತ್ತದೆ.