ಕಾಳುಮೆಣಸಿನ ಸುಂಕ: ಒಂದು ಚೌಕಕ್ಕೆ ಒಂದು ಕೋಟಿ

ವಿರಾಜಪೇಟೆಯಲ್ಲಿ ಡಿಗ್ರಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಆಮದು ಸುಂಕದ ಪಾಠವನ್ನು ತುಂಬಾ ವರ್ಷ ಒಂದೇ ರೀತಿ ಮಾಡಿದೆ. ಬೋರ್ಡ್ ಮೇಲೆ ಬೇಡಿಕೆ ರೇಖೆ, ಪೂರೈಕೆ ರೇಖೆ, ಅಡ್ಡಕ್ಕೆ ಎರಡು ಬೆಲೆ ಗೆರೆ, ನಡುವೆ ಎ, ಬಿ, ಸಿ, ಡಿ ಅಂತ ನಾಲ್ಕು ತುಂಡು. ಮಕ್ಕಳು ಪರೀಕ್ಷೆಯಲ್ಲಿ ಚೆನ್ನಾಗಿ ಬಿಡಿಸುತ್ತಿದ್ದರು. ಆದರೆ 'ಬಿ' ಅಂದರೆ ಏನು ಅಂತ ಕೇಳಿದರೆ 'ತ್ರಿಭುಜ ಮೇಡಂ' ಅನ್ನುತ್ತಿದ್ದರು.

ಒಂದು ದಿನ ತೋಟದ ಮನೆಯ ಹುಡುಗನೊಬ್ಬ ಕೇಳಿದ. 'ಮೇಡಂ, ಹೊರಗಿನ ಮೆಣಸಿಗೆ ಸುಂಕ ಹಾಕಿದ್ರೆ ನಮ್ಮ ಮೆಣಸಿಗೆ ರೇಟು ಬರುತ್ತೆ. ಅದರಲ್ಲಿ ದೇಶಕ್ಕೆ ನಷ್ಟ ಎಲ್ಲಿಂದ ಬಂತು?' ಅವತ್ತು ಕೊಟ್ಟ ಉತ್ತರ ನನಗೇ ಸಮಾಧಾನ ಆಗಲಿಲ್ಲ. ಮನೆಗೆ ಹೋಗಿ ಗ್ರಾಫ್ ಹಾಳೆ ತೆಗೆದೆ.

ಅಂಕಿಗಳನ್ನು ನಾನೇ ಕಟ್ಟಿದೆ, ಲೆಕ್ಕ ಸುಲಭ ಆಗಲಿ ಅಂತ. ಹೊರಗಿನ ಮೆಣಸು ನಮ್ಮ ಬಂದರಿಗೆ ಕಿಲೋಗೆ 400 ರೂಪಾಯಿಗೆ ಬರುತ್ತದೆ. ಎಷ್ಟು ಕೊಂಡರೂ ಅದೇ ಬೆಲೆ. 'ಸಣ್ಣ ದೇಶ' ಅಂದರೆ ಇಷ್ಟೇ: ನಾವು ಜಾಸ್ತಿ ಕೊಂಡರೂ ಕಮ್ಮಿ ಕೊಂಡರೂ ಹೊರಗಿನ ಬೆಲೆ ಅಲುಗಾಡುವುದಿಲ್ಲ. 400ರಲ್ಲಿ ದೇಶಕ್ಕೆ 60 ಸಾವಿರ ಟನ್ ಬೇಕು, ನಮ್ಮವರು ಬೆಳೆಯುವುದು 30 ಸಾವಿರ. ಉಳಿದ 30 ಸಾವಿರ ಆಮದು. ಈಗ ಕಿಲೋಗೆ 100 ರೂಪಾಯಿ ಸುಂಕ. ಒಳಗಿನ ಬೆಲೆ 500 ಆಯಿತು. ಬೇಡಿಕೆ 50 ಸಾವಿರಕ್ಕೆ ಇಳಿಯಿತು, ಬೆಳೆ 35 ಸಾವಿರಕ್ಕೆ ಏರಿತು. ಆಮದು 15 ಸಾವಿರ.

ಹಾಳೆಯ ಮೇಲೆ ಒಂದು ಮಿಲಿಮೀಟರ್ ಎತ್ತರಕ್ಕೆ 10 ರೂಪಾಯಿ, ಒಂದು ಮಿಲಿಮೀಟರ್ ಅಗಲಕ್ಕೆ ಸಾವಿರ ಟನ್ ಇಟ್ಟೆ. ಸಾವಿರ ಟನ್ ಅಂದರೆ ಹತ್ತು ಲಕ್ಷ ಕಿಲೋ. ಅದಕ್ಕೆ 10 ರೂಪಾಯಿ ಗುಣಿಸಿದರೆ ಒಂದು ಕೋಟಿ. ಅಂದರೆ ಹಾಳೆಯ ಒಂದೊಂದು ಪುಟ್ಟ ಚೌಕವೂ ಒಂದು ಕೋಟಿ ರೂಪಾಯಿ! ಇದು ಹೊಳೆದ ಮೇಲೆ ಪಾಠ ತಾನಾಗಿ ನಡೆಯಿತು. ಸೂತ್ರ ಬೇಡ, ಚೌಕ ಎಣಿಸಿದರೆ ಸಾಕು.

ಮೊದಲು ಕೊಳ್ಳುವವರ ನಷ್ಟ. 400 ಮತ್ತು 500ರ ಗೆರೆಗಳ ನಡುವೆ, ಬೇಡಿಕೆ ರೇಖೆಯ ಎಡಕ್ಕೆ ಇರುವ ಪಟ್ಟಿ ಪೂರ್ತಿ ಅವರ ಕೈಬಿಟ್ಟಿತು. ಮೇಲೆ 50, ಕೆಳಗೆ 60 ಅಗಲ, ಎತ್ತರ 10. ಎಣಿಸಿದರೆ 550 ಚೌಕ, ಅಂದರೆ 550 ಕೋಟಿ. ಇನ್ನು ಈ 550 ಎಲ್ಲಿ ಹೋಯಿತು ಅಂತ ಹುಡುಕುವುದೇ ಕೆಲಸ.

ಸರ್ಕಾರದ ಪಾಲು ಸುಲಭ. ಆಮದಾದ 15 ಸಾವಿರ ಟನ್‌ಗೆ ಕಿಲೋಗೆ 100. ಅದು 150 ಚೌಕದ ಆಯತ, ನಮ್ಮ 'ಸಿ'. ಇಲ್ಲಿ ಅರ್ಧ ಕ್ಲಾಸು ಎಡವುತ್ತದೆ. ಸುಂಕಕ್ಕೆ ಮುಂಚಿನ 30 ಸಾವಿರ ಟನ್ ಹಿಡಿದು 300 ಕೋಟಿ ಅನ್ನುತ್ತಾರೆ. ಸುಂಕ ಹಾಕಿದ ಮೇಲೂ ಅಷ್ಟೇ ಆಮದು ಬರುತ್ತದೆ ಅಂದುಕೊಂಡ ಲೆಕ್ಕ ಅದು. ತಪ್ಪು ಹಿಡಿಯುವುದು ಕಷ್ಟವಲ್ಲ: ನಾಲ್ಕೂ ತುಂಡು ಸೇರಿಸಿದರೆ 550 ಬರಬೇಕು. ಬರದಿದ್ದರೆ ಎಲ್ಲೋ ಆಯತ ಹಿಗ್ಗಿದೆ.

ಬೆಳೆಗಾರರ ಪಾಲು 'ಎ'. ಮೊದಲೇ ಬೆಳೆಯುತ್ತಿದ್ದ 30 ಸಾವಿರ ಟನ್‌ಗೆ ಸುಮ್ನೆ ಕೂತಲ್ಲೇ 100 ರೂಪಾಯಿ ಜಾಸ್ತಿ ಸಿಕ್ಕಿತು. ಅದು 300 ಚೌಕ. ಆಮೇಲೆ ಹೊಸದಾಗಿ ಬೆಳೆದ 5 ಸಾವಿರ ಟನ್. ಇದರ ಮೇಲೆ 50 ಚೌಕದ ಒಂದು ಸಣ್ಣ ಪೆಟ್ಟಿಗೆ ಇದೆ. ಪೂರೈಕೆ ರೇಖೆ ಅದನ್ನು ಮೂಲೆಯಿಂದ ಮೂಲೆಗೆ ಸೀಳುತ್ತದೆ. ಮೇಲಿನ ಅರ್ಧ 25 ಬೆಳೆಗಾರನ ಲಾಭ, 'ಎ'ಗೆ ಸೇರಿ 325 ಆಯಿತು. ಕೆಳಗಿನ ಅರ್ಧ 25, ಅದೇ 'ಬಿ'. ಅದು ಯಾರಿಗೂ ಸಿಗಲಿಲ್ಲ.

ಯಾರಿಗೂ ಸಿಗಲಿಲ್ಲ ಅಂದರೆ ಏನು? ನಾನು ಮಕ್ಕಳಿಗೆ ನಮ್ಮ ತೋಟದ ತುದಿಯ ಸಿಲ್ವರ್ ಓಕ್ ಮರಗಳನ್ನು ತೋರಿಸಿದೆ. ಮನೆ ಹತ್ತಿರದ ಬಳ್ಳಿಗಳನ್ನು ಕಮ್ಮಿ ಖರ್ಚಲ್ಲಿ ಕುಯ್ಯಬಹುದು. ಇಳಿಜಾರಿನ ತುದಿಯಲ್ಲಿ, ಮರದ ಮೇಲೆ ಎತ್ತರಕ್ಕೆ ಹಬ್ಬಿದ ಬಳ್ಳಿಗೆ ಉದ್ದದ ಏಣಿ ಬೇಕು, ಹತ್ತಲು ಗಟ್ಟಿ ಆಳು ಬೇಕು, ಅವನ ಕೂಲಿಯೂ ಜಾಸ್ತಿ. ಆ ಮೆಣಸನ್ನು ಕೆಳಗಿಳಿಸಲು ಕಿಲೋಗೆ 470 ತಗಲುತ್ತದೆ ಅನ್ನಿ. ಬೆಲೆ 400 ಇದ್ದಾಗ ಆ ಮರದ ತಂಟೆಗೆ ಯಾರೂ ಹೋಗುವುದಿಲ್ಲ. 500 ಆದಾಗ ಏಣಿ ಹೊತ್ತು ಹೋಗುತ್ತೇವೆ, 30 ರೂಪಾಯಿ ಉಳಿಯುತ್ತದೆ. ಆದರೆ ಬಂದರಿನಲ್ಲಿ 400ಕ್ಕೆ ಸಿಗುವ ಮಾಲನ್ನು ದೇಶ 470 ಖರ್ಚು ಮಾಡಿ ಮಾಡಿಕೊಂಡಿತು. ಆ 70 ರೂಪಾಯಿ ಏಣಿ, ಆಳು, ಬೆವರಲ್ಲಿ ಕರಗಿತು. ಇಂಥ ಮರಗಳೆಲ್ಲ ಸೇರಿ 25 ಕೋಟಿ. ಪ್ರಶ್ನೆ ಕೇಳಿದ್ದ ಹುಡುಗ 'ಓ, ನಮ್ಮ ಹಿಂದಿನ ಬ್ಲಾಕು' ಅಂದ. ಅಷ್ಟು ಸಾಕಾಯಿತು.

'ಡಿ' ಇನ್ನೊಂದು ತುದಿಯಲ್ಲಿದೆ. 450 ಕೊಡಲು ತಯಾರಿದ್ದ ಮಸಾಲೆ ಅಂಗಡಿಯವನು 500 ಆದಾಗ ಕೊಳ್ಳುವುದನ್ನೇ ಬಿಟ್ಟ. ಅವನಿಂದ ಸುಂಕವೂ ಬರಲಿಲ್ಲ, ಅವನ ಮಸಾಲೆಗೆ ಮೆಣಸೂ ಬೀಳಲಿಲ್ಲ. 50 ಚೌಕ. ಪಂದಿಕರಿ ಮಾಡುವ ಮನೆಯವರು ಬೆಲೆ ಏರಿದರೂ ಕಮ್ಮಿ ಹಾಕುವವರಲ್ಲ, ಅದು ಬೇರೆ ಮಾತು. 325, 25, 150, 50 ಕೂಡಿಸಿ: 550. ಇದರಲ್ಲಿ 'ಎ', 'ಸಿ' ಬರೀ ಕೈ ಬದಲಾಯಿಸಿದವು. ಕಳೆದುಹೋಗಿದ್ದು 75 ಕೋಟಿ.

ಒಬ್ಬಳು ಹುಡುಗಿ ಪೂರೈಕೆ ರೇಖೆಯನ್ನು ಕೆಳಗೆ ಎಳೆದುಕೊಂಡು ಹೋಗಿ, 'ಬೆಲೆ ಸೊನ್ನೆಯಾದರೂ 10 ಸಾವಿರ ಟನ್ ಯಾರು ಬೆಳೀತಾರೆ ಮೇಡಂ?' ಅಂದಳು. ಸರಿಯಾದ ಪ್ರಶ್ನೆ. ಅಷ್ಟು ಕೆಳಗೆ ನನ್ನ ನೇರ ಗೆರೆಯನ್ನು ನಂಬಬೇಡಿ. ನಮಗೆ ಬೇಕಾಗಿರುವುದು ಎರಡು ಬೆಲೆಗಳ ನಡುವಿನ ಪಟ್ಟಿ ಮಾತ್ರ.

ನನಗೆ ಹೆಚ್ಚು ಮಜಾ ಕೊಟ್ಟಿದ್ದು ಸುಂಕವನ್ನು 200ಕ್ಕೆ ಏರಿಸಿದ್ದು. ಒಳಗಿನ ಬೆಲೆ 600, ಬೆಳೆ 40 ಸಾವಿರ, ಬೇಡಿಕೆಯೂ 40 ಸಾವಿರ. ಆಮದು ನಿಂತಿತು. 'ಸಿ' ಮಾಯ, ಸರ್ಕಾರಕ್ಕೆ ಒಂದು ಪೈಸೆ ಇಲ್ಲ. 'ಬಿ' 100, 'ಡಿ' 200. ಸುಂಕ ಎರಡು ಪಟ್ಟು ಆದರೆ ನಷ್ಟ 75ರಿಂದ 300ಕ್ಕೆ, ನಾಲ್ಕು ಪಟ್ಟು. ತ್ರಿಭುಜದ ಎತ್ತರವೂ ಅಗಲವೂ ಎರಡೂ ಬೆಳೆಯುವುದರಿಂದ ಹೀಗಾಗುತ್ತದೆ.

ಹಾಳೆಯನ್ನು ನಮ್ಮ ಚಿಕ್ಕಪ್ಪನಿಗೂ ತೋರಿಸಿದೆ. ಅವರಿಗೆ 2017ರ ಡಿಸೆಂಬರ್ ನೆನಪಿತ್ತು. ಆಗ ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿತ್ತು. 'ಅದೂ ಇದೂ ಒಂದೇ ಅಲ್ವಾ?' ಅಂದರು. ನನ್ನ ಹಾಳೆಯಲ್ಲಿ 'ಎ', 'ಬಿ', 'ಡಿ' ಅವೇ ಇರುತ್ತವೆ, ಹೌದು. 'ಸಿ' ಮಾತ್ರ ಬೇರೆ ಕಡೆ ಹೋಗುತ್ತದೆ. ಇಲ್ಲಿ 100 ರೂಪಾಯಿ ಸುಂಕದ ಕಟ್ಟೆಯಲ್ಲಿ ವಸೂಲಾಗುವುದಿಲ್ಲ. ಹೊರಗಿನ ಮಾರಾಟಗಾರ ನಿಜವಾಗಿಯೂ 500 ತೆಗೆದುಕೊಂಡರೆ 150 ಚೌಕವೂ ಅವನ ಜೇಬಿಗೆ, ದೇಶದ ನಷ್ಟ 75 ಅಲ್ಲ, 225. ಬಿಲ್ ಮಾತ್ರ 500, ಒಳಗೊಳಗೆ 100 ವಾಪಸ್ ಅಂತಾದರೆ ಅದು ಇಲ್ಲಿನ ಆಮದುದಾರನಿಗೆ.

ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು 'ಎ' ಮೇಲೆ ಬೆರಳಿಟ್ಟರು. 'ಇದು ನಮ್ಮದು ತಾನೇ?' 'ಹೌದು ಚಿಕ್ಕಪ್ಪ, ಎರಡರಲ್ಲೂ.' 'ಹಾಗಾದ್ರೆ ಆ ಸಿ ಎಲ್ಲಿಗೋ ಹೋಗಲಿ' ಅಂದು ಕಾಫಿ ಲೋಟ ಎತ್ತಿಕೊಂಡರು.