ಬ್ರೇಕಿಗೆ ಉಜ್ಜುವ ಸೈಕಲ್ ಚಕ್ರ: ಮೊದಲು ಹಬ್ ನೋಡಿ, ಆಮೇಲೆ ಸ್ಪೋಕ್ ಮುಟ್ಟಿ

ಚಕ್ರ ಅಲ್ಲಾಡಿ ಬ್ರೇಕಿಗೆ ಉಜ್ಜಿದರೆ ನಮ್ಮ ಕಡೆ ಹೆಚ್ಚಿನವರು ಬ್ರೇಕ್ ವೈರನ್ನೇ ಸಡಿಲ ಮಾಡುತ್ತಾರೆ. ಸದ್ದು ನಿಲ್ಲುತ್ತದೆ, ಜೊತೆಗೆ ಬ್ರೇಕೂ ಹೋಗುತ್ತದೆ. ಇನ್ನು ಕೆಲವರು ಕಟಿಂಗ್ ಪ್ಲೈಯರ್ ಹಿಡಿದು ಸಿಕ್ಕ ಸ್ಪೋಕನ್ನೆಲ್ಲ ಬಿಗಿ ಮಾಡುತ್ತಾರೆ. ದಾವಣಗೆರೆಯಲ್ಲಿ ಹೀಗೆ ಹಾಳಾದ ಚಕ್ರಗಳನ್ನು ಬಹಳ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹದಡಿ ರಸ್ತೆ ಕಡೆಯ ಹಳ್ಳಿಯಿಂದ ಶಾಲೆಗೆ ಬರುವ ಹುಡುಗನ ಸೈಕಲನ್ನೇ ತೆಗೆದುಕೊಳ್ಳೋಣ. ಕ್ಯಾರಿಯರ್ ಮೇಲೆ ಗೆಳೆಯನನ್ನು ಕೂರಿಸಿಕೊಂಡು ಗುಂಡಿಗೆ ಇಳಿಸಿದ್ದ. ಹಿಂದಿನ ಚಕ್ರ ಒಂದೊಂದು ಸುತ್ತಿಗೂ ಬ್ರೇಕಿಗೆ ತಾಗುತ್ತಿತ್ತು.

ಮೊದಲು ಸೈಕಲನ್ನು ಉಲ್ಟಾ ನಿಲ್ಲಿಸಿ. ಆಕ್ಸಲ್ ಎರಡೂ ಕಡೆ ಸರಿಯಾಗಿ ಕೂತಿದೆಯಾ, ನಟ್ ಬಿಗಿಯಿದೆಯಾ ನೋಡಿ. ಟೈರ್ ಹಿಡಿದು ಎಡಕ್ಕೂ ಬಲಕ್ಕೂ ತಳ್ಳಿ. ಚಕ್ರದ ನಡುವಿನ ಹಬ್ ಹತ್ತಿರ ಟಕ್ ಟಕ್ ಅಂದರೆ ಅದರೊಳಗಿನ ಬಾಲ್ಸನ್ನು ಒತ್ತಿ ಹಿಡಿಯುವ ಕೋನ್ ಸಡಿಲವಾಗಿದೆ. ಹಬ್ ಸಡಿಲವಿದ್ದರೆ ಚಕ್ರ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ತಾಗುತ್ತದೆ. ರಿಮ್ ಬೆಂಡಾಗಿದ್ದರೆ ಪ್ರತಿ ಸುತ್ತಿನಲ್ಲೂ ಅದೇ ಜಾಗ ತಾಗುತ್ತದೆ. ಹಬ್ ಅಲ್ಲಾಡುವಾಗ ಸ್ಪೋಕ್ ಸರಿಮಾಡಲು ಹೋದರೆ ಸುಮ್ನೆ ಶ್ರಮ.

ಕೋನ್ ಸರಿಮಾಡಲು ಚಕ್ರ ಬಿಚ್ಚಿ. ಹಿಂದಿನ ಚಕ್ರವಾದರೆ ಚೈನ್ ಇಲ್ಲದ ಕಡೆಯ ಲಾಕ್ ನಟ್ ಸಡಿಲ ಮಾಡಿ, ಕೋನ್ ಸ್ವಲ್ಪ ಬಿಗಿ ಮಾಡಿ. ಅದು ತಿರುಗದಂತೆ ತೆಳು ಪಾನಾದಲ್ಲಿ ಹಿಡಿದುಕೊಂಡು ಲಾಕ್ ನಟ್ ಬಿಗಿ ಮಾಡಿ. ಅಲ್ಲಾಟ ಹೋಗಿರಬೇಕು. ಆಕ್ಸಲನ್ನು ಬೆರಳಲ್ಲಿ ತಿರುಗಿಸಿದರೆ ಗರಗರ ಅನ್ನದೆ ಸಲೀಸಾಗಿ ತಿರುಗಬೇಕು. ಗರಗರ ಅಂದರೆ ಒಂದೋ ಜಾಸ್ತಿ ಬಿಗಿಯಾಗಿದೆ, ಇಲ್ಲವೇ ಬಾಲ್ಸ್ ಸವೆದಿವೆ. ಈ ಹುಡುಗನ ಹಬ್ ಸರಿಯಾಗೇ ಇತ್ತು. ಹಾಗಾಗಿ ತೊಂದರೆ ಇದ್ದದ್ದು ರಿಮ್‌ನಲ್ಲಿ.

ಈಗ ಜನ ತಪ್ಪುವ ಜಾಗ. ಚಕ್ರವನ್ನು ನಿಧಾನ ತಿರುಗಿಸಿ, ಬ್ರೇಕ್ ಶೂ ತಾಗುವಲ್ಲಿ ಚಾಕ್‌ನಿಂದ ಗುರುತು ಹಾಕಿ. ಉಲ್ಟಾ ನಿಲ್ಲಿಸಿದ ಸೈಕಲ್‌ನಲ್ಲಿ ಎಡ-ಬಲ ಗೊಂದಲವಾಗುತ್ತದೆ. ಚೈನ್ ಕಡೆ, ಚೈನ್ ಇಲ್ಲದ ಕಡೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಈ ಚಕ್ರ ತಾಗುತ್ತಿದ್ದದ್ದು ಚೈನ್ ಇಲ್ಲದ ಕಡೆಗೆ. ಅಂದರೆ ರಿಮ್ಮನ್ನು ಚೈನ್ ಕಡೆಗೆ ಎಳೆಯಬೇಕು. ಹಬ್‌ನ ಚೈನ್ ಬದಿಯಿಂದ ಹೊರಟ ಸ್ಪೋಕ್‌ಗಳನ್ನು ಬಿಗಿ ಮಾಡಿದರೆ ರಿಮ್ ಆ ಕಡೆ ಬರುತ್ತದೆ.

ಸ್ಪೋಕ್ ಬಿಗಿ ಮಾಡುವ ಕೀ ಹಾಕುವ ಮೊದಲು ಗುರುತಿನ ಸುತ್ತಲ ಸ್ಪೋಕ್‌ಗಳನ್ನು ಬೆರಳಲ್ಲಿ ಮೀಟಿ ನೋಡಿ. ಬಿಗಿಯಾದದ್ದು ಟಿಣ್ ಅನ್ನುತ್ತದೆ, ಸಡಿಲವಾದದ್ದು ಥಡ್ ಅನ್ನುತ್ತದೆ. ಒಂದೇ ಬದಿಯವನ್ನು ಮಾತ್ರ ಹೋಲಿಸಿ. ಹಿಂದಿನ ಚಕ್ರದಲ್ಲಿ ಫ್ರೀವೀಲ್‌ಗೆ ಜಾಗ ಬೇಕಾದ್ದರಿಂದ ಚೈನ್ ಬದಿಯ ಸ್ಪೋಕ್‌ಗಳು ಮೊದಲೇ ಹೆಚ್ಚು ಬಿಗಿ ಇರುತ್ತವೆ. ನಮ್ಮ ಚಕ್ರದಲ್ಲಿ ಚೈನ್ ಬದಿಯ ಒಂದು ಸ್ಪೋಕ್ ಥಡ್ ಅಂತಿತ್ತು.

ಇನ್ನು ತಿರುಗಿಸುವ ದಿಕ್ಕು. ಕೀ ಹಾಕುವುದು ಸ್ಪೋಕನ್ನು ರಿಮ್‌ಗೆ ಹಿಡಿದಿಡುವ ಸಣ್ಣ ನಟ್‌ಗೆ, ಅದೇ ನಿಪ್ಪಲ್. ಟೈರ್ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದಾಗ ನಿಪ್ಪಲ್ ಬಿಗಿಯಾಗುತ್ತದೆ. ಆದರೆ ಉಲ್ಟಾ ನಿಂತ ಸೈಕಲ್‌ನಲ್ಲಿ ಬ್ರೇಕ್ ಕೆಳಗಿರುತ್ತದೆ. ಅಲ್ಲಿನ ನಿಪ್ಪಲನ್ನು ನಾವು ಮೇಲಿನಿಂದ, ಅಂದರೆ ಹಬ್ ಕಡೆಯಿಂದ ನೋಡುತ್ತೇವೆ. ಆಗ ದಿಕ್ಕು ತಿರುವುಮುರುವು. ಅನುಮಾನ ಬಂದರೆ ಕಾಲು ಸುತ್ತು ತಿರುಗಿಸಿ, ಮತ್ತೆ ಮೀಟಿ. ಸದ್ದು ಏರಿದರೆ ಬಿಗಿಯಾಗಿದೆ.

ತುಕ್ಕು ಹಿಡಿದ ನಿಪ್ಪಲ್‌ಗೆ ಮೊದಲು ಒಂದು ಹನಿ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಕೀ ನಿಪ್ಪಲ್‌ಗೆ ಗಟ್ಟಿಯಾಗಿ ಕೂರಬೇಕು. ಸುತ್ತಲೂ ಬೇರೆ ಬೇರೆ ಅಳತೆಯ ಕಚ್ಚು ಇರುವ ಗುಂಡನೆಯ ಅಗ್ಗದ ಕೀ ಕೊಳ್ಳಬೇಡಿ. ಅದರ ಲೋಹ ಮೆತ್ತಗಿರುತ್ತದೆ, ಜಾರಿ ನಿಪ್ಪಲ್ ಮೂಲೆ ಸವೆಸುತ್ತದೆ. ನಿಮ್ಮ ನಿಪ್ಪಲ್ ಅಳತೆಗೆ ಸರಿಹೊಂದುವ ಒಂದೇ ಕೀ ಸಾಕು.

ಥಡ್ ಅನ್ನುತ್ತಿದ್ದ ಸ್ಪೋಕನ್ನು ಕಾಲು ಸುತ್ತು ಬಿಗಿ ಮಾಡಿ ಚಕ್ರ ತಿರುಗಿಸಿದೆವು. ಸ್ವಲ್ಪ ಕಡಿಮೆಯಾಯಿತು. ಇನ್ನೊಂದು ಕಾಲು ಸುತ್ತು ಕೊಟ್ಟೆವು. ಆಗಲೂ ಸಣ್ಣಗೆ ತಾಗುತ್ತಿತ್ತು. ಗುರುತಿನ ಮಧ್ಯದಲ್ಲಿದ್ದ ಎದುರು ಬದಿಯ ಒಂದು ಸ್ಪೋಕನ್ನು ಕಾಲು ಸುತ್ತು ಸಡಿಲ ಮಾಡಿದ ಮೇಲೆ ಉಜ್ಜುವುದು ನಿಂತಿತು. ಒಂದು ಕಡೆ ಬಿಗಿ ಮಾಡುತ್ತಲೇ ಹೋದರೆ ರಿಮ್ ಹಬ್ ಕಡೆಗೆ ಎಳೆದುಕೊಂಡು ಅಲ್ಲಿ ತಗ್ಗಾಗುತ್ತದೆ. ಆಮೇಲೆ ಚಕ್ರ ಕುಣಿಯುತ್ತದೆ. ಅರ್ಧ ಸುತ್ತು ಒಟ್ಟಿಗೆ ಕೊಡುವ ಆತುರ ಬೇಡವೇ ಬೇಡ.

ರಿಮ್‌ನ ಅಲ್ಲಾಟ ಒಂದು ಮಿಲಿಮೀಟರ್ ಒಳಗೆ ಬಂದರೆ ಶಾಲೆಗೆ ಹೋಗುವ ಸೈಕಲ್‌ಗೆ ಸಾಕು, ಅಲ್ವಾ? ಕೂದಲೆಳೆಯಷ್ಟು ಸರಿಮಾಡಲು ಹೋಗಿ ಉಳಿದ ಜಾಗ ಕೆಡಿಸುವವರೇ ಜಾಸ್ತಿ.

ಕೆಲವೊಮ್ಮೆ ಎಳೆಯಬೇಕಾದ ಬದಿಯ ಸ್ಪೋಕ್‌ಗಳು ಆಗಲೇ ವಿಪರೀತ ಬಿಗಿ ಇರುತ್ತವೆ, ಎದುರಿನವು ಜೋಲು ಬಿದ್ದಿರುತ್ತವೆ. ಆದರೂ ರಿಮ್ ಬರುವುದಿಲ್ಲ. ಅಂದರೆ ರಿಮ್ಮೇ ಮಡಚಿಕೊಂಡಿದೆ. ಕೀ ಕೆಳಗಿಡಿ, ಹೊಸ ರಿಮ್ ಹಾಕಿಸಿ. ನಿಪ್ಪಲ್ ತೂತಿನ ಹತ್ತಿರ ರಿಮ್ ಸೀಳಿದ್ದರೂ ಅಷ್ಟೇ. ಸ್ಪೋಕ್ ಮುರಿದಿದ್ದರೆ ಅದನ್ನೇ ಬದಲಿಸಿ, ಪಕ್ಕದವನ್ನು ಎಳೆದು ಸರಿದೂಗಿಸಬೇಡಿ.

ಯಾವುದಾದರೂ ನಿಪ್ಪಲನ್ನು ತುಂಬಾ ಸುತ್ತು ಬಿಗಿ ಮಾಡಿದ್ದರೆ ಟೈರ್ ಬಿಚ್ಚಿ ಒಳಗೆ ನೋಡಿ. ಸ್ಪೋಕ್ ತುದಿ ನಿಪ್ಪಲ್‌ನಿಂದ ಆಚೆ ಬಂದಿದ್ದರೆ ಅರದಲ್ಲಿ ಉಜ್ಜಿ, ರಿಮ್ ಟೇಪ್ ಮತ್ತೆ ಹಾಕಿ. ಇಲ್ಲದಿದ್ದರೆ ಅದು ಟ್ಯೂಬ್‌ಗೆ ಚುಚ್ಚುತ್ತದೆ.