ಫಿಬೊನಾಚಿ ಗೆರೆ ಎಲ್ಲಿಂದ ಎಳೆಯಬೇಕು? ನನ್ನ ಅನುಭವ

ಏರಿದ ಬೆಲೆ ಎಲ್ಲಿಯ ತನಕ ಹಿಂದಕ್ಕೆ ಇಳಿದು ತಿರುಗಬಹುದು ಅಂತ ಅಂದಾಜಿಸಲು ಹಾಕುವ ಫಿಬೊನಾಚಿ ರಿಟ್ರೇಸ್‌ಮೆಂಟ್ ಗೆರೆಗಳನ್ನು ಎಳೆಯುವುದು ಸುಲಭ. ಚಾರ್ಟ್‌ನಲ್ಲಿ ಏರಿಕೆ ಶುರುವಾದ ಕಡೆ ಒತ್ತಿ, ಏರಿಕೆ ನಿಂತ ಕಡೆಗೆ ಎಳೆದರೆ ಆಯಿತು, ಗೆರೆಗಳು ತಾವಾಗಿ ಬೀಳುತ್ತವೆ. ಕಷ್ಟ ಇರುವುದು ಏರಿಕೆ ಶುರುವಾಗಿದ್ದು ಎಲ್ಲಿ, ನಿಂತಿದ್ದು ಎಲ್ಲಿ ಅಂತ ತೀರ್ಮಾನಿಸುವುದರಲ್ಲಿ. ಒಂದೇ ಚಾರ್ಟ್ ನೋಡಿ ಇಬ್ಬರು ಬೇರೆ ಬೇರೆ ಬಿಂದು ಹಿಡಿದರೆ, ಇಬ್ಬರ ಗೆರೆಗಳೂ ಬೇರೆ ಬೇರೆ ಬೆಲೆಗೆ ಬೀಳುತ್ತವೆ. ನಾನು ಈ ಬಿಂದುಗಳನ್ನು ಹೇಗೆ ಆರಿಸುತ್ತೇನೆ, ಆರಿಸಿದ ಮೇಲೆ ಆ ಗೆರೆಗಳನ್ನು ಎಷ್ಟರ ಮಟ್ಟಿಗೆ ನಂಬುತ್ತೇನೆ ಅನ್ನುವುದನ್ನು ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಲೆಕ್ಕ. ಏರಿಕೆಯ ಕೆಳಗಿನ ತುದಿ L, ಮೇಲಿನ ತುದಿ H, ಅನುಪಾತ r ಆದರೆ:

```
level = H - r * (H - L)
```

r ಜಾಗದಲ್ಲಿ 0.236, 0.382, 0.5, 0.618, 0.786 ಹಾಕುತ್ತೇವೆ. ಫಿಬೊನಾಚಿ ಸರಣಿಯಲ್ಲಿ ಒಂದು ಸಂಖ್ಯೆಯನ್ನು ಅದರ ಮುಂದಿನ ಸಂಖ್ಯೆಯಿಂದ ಭಾಗಿಸುತ್ತಾ ಹೋದರೆ ಉತ್ತರ 0.618ರ ಹತ್ತಿರ ಬಂದು ನಿಲ್ಲುತ್ತದೆ. ಅದರ ವರ್ಗ 0.382, ಘನ 0.236, ವರ್ಗಮೂಲ 0.786. 50 ಶೇಕಡಾ ಮಾತ್ರ ಈ ಮನೆತನಕ್ಕೆ ಸೇರಿದ್ದಲ್ಲ. ಏರಿಕೆಯ ಅರ್ಧದಷ್ಟು ಬೆಲೆ ಹಿಂದಕ್ಕೆ ಬರುತ್ತದೆ ಅನ್ನುವ ಹಳೆಯ ಗಮನಿಕೆಯಿಂದ ಅದು ಈ ಪಟ್ಟಿಗೆ ಬಂದಿದೆ.

ಈಗ ಉದಾಹರಣೆ. ದಿನದ ಚಾರ್ಟ್‌ನಲ್ಲಿ ಒಂದು ಬೆಲೆ 400ರಿಂದ ಮೇಲೆದ್ದಿದೆ ಅಂದುಕೊಳ್ಳಿ. 462ರ ತನಕ ಬಂದು, 436ಕ್ಕೆ ಇಳಿದು, ಮತ್ತೆ ಎದ್ದು 520 ಮುಟ್ಟಿದೆ. ಅಲ್ಲಿಂದ ಇಳಿಯಲು ಶುರುವಾಗಿದೆ. ಮೇಲಿನ ತುದಿ 520 ಅನ್ನುವುದರಲ್ಲಿ ಗೊಂದಲ ಇಲ್ಲ. ಆದರೆ ಕೆಳಗಿನ ತುದಿ ಯಾವುದು? 400ರದ್ದೋ, 436ರದ್ದೋ? ಕಣ್ಣಿಗೆ ಎರಡೂ ಸರಿ ಅನ್ನಿಸುತ್ತದೆ.

ಇಂಥ ಕಡೆ ಕಣ್ಣನ್ನು ಕೇಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾನು ಎಟಿಆರ್ ಬಳಸುತ್ತೇನೆ. ಬೆಲೆ ಒಂದು ದಿನದಲ್ಲಿ ಸರಾಸರಿ ಎಷ್ಟು ಓಡಾಡುತ್ತದೆ ಅನ್ನುವುದನ್ನು, ಹಿಂದಿನ ದಿನದ ಕ್ಲೋಸ್‌ಗೂ ಮರುದಿನದ ಆರಂಭಕ್ಕೂ ನಡುವೆ ಬೀಳುವ ಗ್ಯಾಪ್‌ಗಳನ್ನೂ ಸೇರಿಸಿಕೊಂಡು, ಹೇಳುವ ಅಳತೆ ಅದು. ನಾನು 14 ದಿನದ ಎಟಿಆರ್ ತೆಗೆದುಕೊಳ್ಳುತ್ತೇನೆ. ನಿಯಮ ಇಷ್ಟೇ: ಬೆಲೆ ಒಂದು ತುದಿಯಿಂದ ಕನಿಷ್ಠ 4 ಎಟಿಆರ್‌ನಷ್ಟು ಎದುರು ದಿಕ್ಕಿಗೆ ಹೋದರೆ ಮಾತ್ರ ಆ ತುದಿ ಸ್ವಿಂಗ್ ಪಾಯಿಂಟ್. ಅದಕ್ಕಿಂತ ಕಡಿಮೆ ಹೋದರೆ ಅದು ದಾರಿಯಲ್ಲಿ ಸಿಕ್ಕ ಅಲುಗಾಟ. ನಮ್ಮ ಚಾರ್ಟ್‌ನಲ್ಲಿ ಎಟಿಆರ್ 8 ಅಂತ ಇಟ್ಟುಕೊಂಡರೆ 32 ಪಾಯಿಂಟ್ ಬೇಕು. 462ರಿಂದ 436ಕ್ಕೆ ಇಳಿದಿದ್ದು ಬರೀ 26. ಹಾಗಾಗಿ 436 ಸ್ವಿಂಗ್ ಅಲ್ಲ, ಕೆಳಗಿನ ತುದಿ 400.

ನಾಲ್ಕೇ ಯಾಕೆ, ಮೂರು ಯಾಕಲ್ಲ ಅಂತ ಕೇಳಿದರೆ, ನಾಲ್ಕರಲ್ಲಿ ವಿಶೇಷ ಏನೂ ಇಲ್ಲ. ಮೂರು ಇಟ್ಟಿದ್ದರೆ 24 ಪಾಯಿಂಟ್ ಸಾಕಾಗಿ 436 ಸ್ವಿಂಗ್ ಆಗಿಬಿಡುತ್ತಿತ್ತು. ಮುಖ್ಯವಾದದ್ದು, ಆ ಸಂಖ್ಯೆಯನ್ನು ಬೆಲೆ ಇಳಿಯುವ ಮುಂಚೆಯೇ ಇಟ್ಟುಕೊಂಡಿರಬೇಕು ಮತ್ತು ಎಲ್ಲ ಚಾರ್ಟ್‌ಗಳಿಗೂ ಅದೇ ಇರಬೇಕು. ಇದರ ಜೊತೆ ಇನ್ನೊಂದು ಷರತ್ತು ಇದೆ: ಈ ಏರಿಕೆ ತನ್ನ ಹಿಂದಿನ ಸ್ವಿಂಗ್ ಹೈ ದಾಟಿರಬೇಕು. ನಮ್ಮ ಉದಾಹರಣೆಯಲ್ಲಿ ಹಿಂದಿನ ಸ್ವಿಂಗ್ ಹೈ 470 ಅಂತಿರಲಿ. 520 ಅದನ್ನು ದಾಟಿದೆ, ಸರಿ. ದಾಟದಿದ್ದರೆ ಬೆಲೆ ಒಂದು ಪಟ್ಟಿಯೊಳಗೆ ಮೇಲೆ ಕೆಳಗೆ ಓಡಾಡುತ್ತಿದೆ ಅಂತ ಅರ್ಥ, ಅಲ್ಲಿ ರಿಟ್ರೇಸ್‌ಮೆಂಟ್ ಎಳೆಯುವುದೇ ಇಲ್ಲ.

ತುದಿ ಅಂದರೆ ಕ್ಯಾಂಡಲ್‌ನ ವಿಕ್‌ನ ತುದಿಯಾ, ಅಂದರೆ ಆ ದಿನ ಮುಟ್ಟಿದ ಅತಿ ಹೆಚ್ಚು ಅಥವಾ ಅತಿ ಕಡಿಮೆ ಬೆಲೆಯಾ, ಇಲ್ಲ ದಿನದ ಕೊನೆಯ ಕ್ಲೋಸ್ ಬೆಲೆಯಾ? ನಾನು ವಿಕ್ ಹಿಡಿಯುತ್ತೇನೆ. ಕ್ಲೋಸ್ ಹಿಡಿಯುವವರೂ ಇದ್ದಾರೆ, ಅದು ತಪ್ಪಲ್ಲ. ಒಂದು ಕಡೆ ವಿಕ್, ಇನ್ನೊಂದು ಕಡೆ ಕ್ಲೋಸ್ ಹಿಡಿಯುವುದು ಮಾತ್ರ ಬೇಡ. ಶೇರು ಆದರೆ ಬೋನಸ್, ಸ್ಪ್ಲಿಟ್‌ಗೆ ಹೊಂದಿಸಿದ ಬೆಲೆಯ ಚಾರ್ಟನ್ನೇ ಬಳಸಬೇಕು. ಇಲ್ಲದಿದ್ದರೆ ಹಳೆಯ ತುದಿಯೇ ಸುಳ್ಳಾಗುತ್ತದೆ.

400ರಿಂದ 520ಕ್ಕೆ ಎಳೆದಾಗ ಬರುವ ಗೆರೆಗಳು: 491.68, 474.16, 460, 445.84, 425.68. ಈಗ ಬೆಲೆ 471ಕ್ಕೆ ಇಳಿದು ಅಲ್ಲಿಂದ ತಿರುಗಿತು ಅಂದುಕೊಳ್ಳಿ. ಅರ್ಧ ಎಟಿಆರ್, ಅಂದರೆ 4 ಪಾಯಿಂಟ್ ಒಳಗೆ ಬಂದರೆ ಗೆರೆ ಮುಟ್ಟಿದಂತೆ ಅಂತ ಒಪ್ಪಿದರೆ, 474.16ರ 38.2 ಶೇಕಡಾ ಗೆರೆ ಕೆಲಸ ಮಾಡಿತು ಅನ್ನಬಹುದು. ಆದರೆ 436ರಿಂದ ಎಳೆದವರ ಚಾರ್ಟ್ ನೋಡಿ. ಅವರ 61.8 ಶೇಕಡಾ ಗೆರೆ 468.09ಕ್ಕೆ ಬೀಳುತ್ತದೆ. ಅದೂ 471ರಿಂದ 4 ಪಾಯಿಂಟ್ ಒಳಗೇ ಇದೆ. ನಾನು 38.2ರಲ್ಲಿ ತಿರುಗಿತು ಅನ್ನುತ್ತೇನೆ, ಅವರು 61.8ರಲ್ಲಿ ತಿರುಗಿತು ಅನ್ನುತ್ತಾರೆ. ಇಬ್ಬರಿಗೂ ಫಿಬೊನಾಚಿ ಫಲಿಸಿದೆ! ಮೂರನೆಯವರೊಬ್ಬರು ಫಿಬೊನಾಚಿ ಮುಟ್ಟದೇ, 470ರ ಹಳೆಯ ಸ್ವಿಂಗ್ ಹೈ ಈಗ ಬೆಲೆಯನ್ನು ಕೆಳಗೆ ಬೀಳದಂತೆ ತಡೆಯುವ ಸಪೋರ್ಟ್ ಆಗಿದೆ ಅನ್ನಬಹುದು. ನನ್ನನ್ನು ಕೇಳಿದರೆ ಮೂರನೆಯ ಕಾರಣವೇ ಹೆಚ್ಚು ಸರಳ.

ಇದು ಅಪರೂಪದ ಕಾಕತಾಳೀಯ ಅಲ್ಲ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಪ್ರತಿ ಗೆರೆಯ ಮೇಲೆ 4, ಕೆಳಗೆ 4 ಪಾಯಿಂಟ್ ಬಿಟ್ಟರೆ ಒಂದೊಂದು ಗೆರೆ 8 ಪಾಯಿಂಟ್ ಜಾಗ ಹಿಡಿಯುತ್ತದೆ. ಐದು ಗೆರೆಗೆ 40. ಇಡೀ ಏರಿಕೆಯೇ 120 ಪಾಯಿಂಟ್. ಅಂದರೆ ಬೆಲೆ ಸುಮ್ನೆ ಎಲ್ಲೋ ತಿರುಗಿದರೂ ಮೂರರಲ್ಲಿ ಒಂದು ಸಲ ಯಾವುದೋ ಒಂದು ಗೆರೆ ಮುಟ್ಟಿರುತ್ತದೆ. ಈಗ 436ರಿಂದ ಎಳೆದ ಐದು ಗೆರೆಗಳನ್ನೂ ಸೇರಿಸಿ: 500.18, 487.91, 478, 468.09, 453.98. ಎರಡೂ ಗುಂಪು ಸೇರಿದರೆ 442ರಿಂದ 504ರ ನಡುವೆ ಯಾವ ಗೆರೆಗೂ ಸೇರದ ಜಾಗ ಒಟ್ಟು 3 ಪಾಯಿಂಟ್ ಕೂಡ ಇರುವುದಿಲ್ಲ. ಬೆಲೆ ಆ ಭಾಗದಲ್ಲಿ ಎಲ್ಲೇ ತಿರುಗಲಿ, ಒಂದು ಗೆರೆ ಸಿಕ್ಕೇ ಸಿಗುತ್ತದೆ. ಎರಡೇ ಎರಡು ಸ್ವಿಂಗ್‌ಗೆ ಈ ಗತಿ. ಬೆಲೆ ತಿರುಗಿದ ಮೇಲೆ ಚಾರ್ಟ್ ತೆಗೆದು, ಹೊಂದುವ ಸ್ವಿಂಗ್ ಹುಡುಕಿ ಎಳೆದು ತೋರಿಸುವ ಚಿತ್ರಗಳನ್ನು ನಾನು ಪುರಾವೆ ಅಂತ ಒಪ್ಪದಿರುವುದು ಇದಕ್ಕೇ.

ಮುಂಚಿತವಾಗಿ ನಿಯಮ ಇಟ್ಟುಕೊಂಡರೆ ಒಂದು ಬೆಲೆ ತೆರಬೇಕಾಗುತ್ತದೆ, ಅದು ತಡ. 520 ಸ್ವಿಂಗ್ ಹೈ ಹೌದು ಅಂತ ನನಗೆ ಖಚಿತವಾಗುವುದು ಬೆಲೆ 32 ಪಾಯಿಂಟ್ ಇಳಿದು 488 ಮುಟ್ಟಿದಾಗ. ಅಷ್ಟೊತ್ತಿಗೆ 491.68ರ ಮೊದಲ ಗೆರೆ ದಾಟಿಯೇ ಹೋಗಿರುತ್ತದೆ. ಹಾಗಾಗಿ 23.6 ಶೇಕಡಾ ಗೆರೆಯನ್ನು ನಾನು ನನ್ನ ಚಾರ್ಟ್‌ನಿಂದ ತೆಗೆದುಹಾಕಿದ್ದೇನೆ. ಸ್ವಿಂಗ್‌ಗಳನ್ನು ತಾನೇ ಗುರುತಿಸುವ ಜಿಗ್‌ಜಾಗ್ ಇಂಡಿಕೇಟರ್‌ಗಳಲ್ಲೂ ಇದೇ ವಿಷಯ ಅಡಗಿದೆ. ಅವು ಎಳೆದ ಕೊನೆಯ ಗೆರೆ ಇನ್ನೂ ಬದಲಾಗುತ್ತಿರುತ್ತದೆ. ಹಳೆಯ ಚಾರ್ಟ್‌ನಲ್ಲಿ ತುದಿಗಳು ನೆಟ್ಟಗೆ ಕೂತಿರುವುದನ್ನು ನೋಡಿ, ಆವತ್ತು ಕೂಡ ಹಾಗೇ ಕಾಣುತ್ತಿತ್ತು ಅಂದುಕೊಂಡರೆ ಮೋಸ ಹೋಗುತ್ತೇವೆ.

ಹಾಗಾದರೆ ಈ ಅನುಪಾತಗಳಲ್ಲಿ ನಿಜವಾಗಿ ಏನಾದರೂ ಇದೆಯಾ? ಇದನ್ನು ಯಾರು ಬೇಕಾದರೂ ತಮ್ಮದೇ ಚಾರ್ಟ್‌ಗಳ ಮೇಲೆ ಪರೀಕ್ಷಿಸಬಹುದು. ನಾನು ಮಾಡಿದ್ದು ಹೀಗೆ. ಕನಿಷ್ಠ 12 ಎಟಿಆರ್ ಉದ್ದದ ಏರಿಕೆಗಳನ್ನು ನಿಯಮದ ಪ್ರಕಾರ ಆರಿಸಿಕೊಂಡೆ. ಪ್ರತಿಯೊಂದರಲ್ಲೂ ಬೆಲೆ ಹೊಸ ಹೈ ಮಾಡುವ ಮುಂಚೆ, ಅಥವಾ ಕೆಳಗಿನ ತುದಿ ಮುರಿಯುವ ಮುಂಚೆ, ಎಷ್ಟು ಶೇಕಡಾ ಹಿಂದಕ್ಕೆ ಬಂತು ಅಂತ ಬರೆದುಕೊಂಡೆ. ಕೆಳಗಿನ ತುದಿ ಮುರಿದದ್ದನ್ನು 100 ಶೇಕಡಾ ಅಂತ ಬರೆದೆ. 38.2 ಮತ್ತು 61.8ಕ್ಕೆ ಶಕ್ತಿ ಇದ್ದರೆ ಆ ಸಂಖ್ಯೆಗಳ ಸುತ್ತ ಗುಡ್ಡೆ ಬೀಳಬೇಕು, ಅಲ್ವಾ?

ಇಲ್ಲಿ ಒಂದು ಬಲೆ ಇದೆ, ಅದನ್ನು ಗಮನಿಸದಿದ್ದರೆ ಪರೀಕ್ಷೆ ವ್ಯರ್ಥ. 38ರ ಆಸುಪಾಸು ಗುಡ್ಡೆ ಕಾಣಿಸುತ್ತದೆ. ಆದರೆ ಅದನ್ನು ತಂದಿದ್ದು ನಮ್ಮ ನಿಯಮ. 12 ಎಟಿಆರ್ ಏರಿಕೆಗೆ 4 ಎಟಿಆರ್ ಇಳಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ, ಅಂದರೆ 33 ಶೇಕಡಾಕ್ಕಿಂತ ಚಿಕ್ಕ ಇಳಿತಗಳು ಪಟ್ಟಿಗೆ ಬರುವುದೇ ಇಲ್ಲ. ಆ ಗಡಿಯನ್ನು ಸ್ವಲ್ಪ ದಾಟಿದ ಇಳಿತಗಳೇ ಜಾಸ್ತಿ ಇರುತ್ತವೆ. ಪತ್ತೆ ಹಚ್ಚುವುದು ಸುಲಭ: 4ರ ಬದಲು 5 ಎಟಿಆರ್ ಇಟ್ಟು ಮತ್ತೆ ಎಣಿಸಿ. ಚಿಕ್ಕ ಏರಿಕೆಗಳ ಗಡಿ ಸುಮಾರು 42ಕ್ಕೆ ಜರುಗುತ್ತದೆ. ಗುಡ್ಡೆಯೂ ಅದರ ಜೊತೆ ಜರುಗಿದರೆ ಅದು ನಿಯಮದ ನೆರಳು. ನನ್ನ ಚಾರ್ಟ್‌ಗಳಲ್ಲಿ ಅದು ಜರುಗಿತು. ಗಡಿಯಿಂದ ದೂರ, 50 ಮತ್ತು 61.8ರ ಹತ್ತಿರ ಎದ್ದು ಕಾಣುವ ಗುಡ್ಡೆ ಸಿಗಲಿಲ್ಲ. 45, 55, 70 ಶೇಕಡಾಕ್ಕೆ ಬೇಕಂತಲೇ ಎಳೆದ ಹುಸಿ ಗೆರೆಗಳ ಹತ್ತಿರವೂ ಬೆಲೆ ಸುಮಾರು ಅಷ್ಟೇ ಸಲ ತಿರುಗಿತ್ತು.

ಎಲ್ಲರೂ ಇದೇ ಗೆರೆ ನೋಡುವುದರಿಂದ ಅದು ತಾನಾಗಿ ಫಲಿಸುತ್ತದೆ ಅನ್ನುವ ವಾದವೂ ಇದೆ. ಎಲ್ಲರೂ ನೋಡುವ ಅನುಪಾತ ಒಂದೇ ಇರಬಹುದು, ಆದರೆ ಬೆಲೆ ಒಂದೇ ಅಲ್ಲ. 400 ಹಿಡಿದವರ 61.8 ಇರುವುದು 445.84ರಲ್ಲಿ, 436 ಹಿಡಿದವರದ್ದು 468.09ರಲ್ಲಿ. ಚಾರ್ಟ್ ಲಾಗ್ ಸ್ಕೇಲ್‌ನಲ್ಲಿ ಇಟ್ಟುಕೊಂಡವರದ್ದು ಇನ್ನೂ ಬೇರೆಯಾಗಬಹುದು. 100ರಿಂದ 300ಕ್ಕೆ ಹೋದ ಏರಿಕೆಯಲ್ಲಿ ಸಾಮಾನ್ಯ ಸ್ಕೇಲ್‌ನ ಅರ್ಧ 200, ಲಾಗ್ ಲೆಕ್ಕದ ಅರ್ಧ ಸುಮಾರು 173.

ಆದರೂ ನಾನು ಈ ಗೆರೆಗಳನ್ನು ಎಳೆಯುತ್ತೇನೆ. ಎಲ್ಲಿಂದ ಗಮನ ಕೊಡಲು ಶುರು ಮಾಡಬೇಕು ಅನ್ನುವುದನ್ನು ಅವು ಹೇಳುತ್ತವೆ. ಅಷ್ಟು ಮಾತ್ರ ಹೇಳಲಿ ಅಂತಲೇ ಬಿಟ್ಟಿದ್ದೇನೆ. ಗೆರೆ ಮುಟ್ಟಿತು ಅಂತ 474ಕ್ಕೆ ನೇರ ಖರೀದಿಸಿದರೆ ಸ್ಟಾಪ್‌ಲಾಸ್ ಎಲ್ಲಿಡುವುದು? 445.84ರ ಕೆಳಗೆ, 441ಕ್ಕೆ ಇಟ್ಟರೆ ಅಪಾಯ 33 ಪಾಯಿಂಟ್. ಗುರಿ 520 ಆದರೆ ಲಾಭ 46. ಅದರ ಬದಲು ನಾನು ಕಾಯುತ್ತೇನೆ. ಬೆಲೆ 471 ಮುಟ್ಟಿ, ಮರುದಿನ ಹಿಂದಿನ ಕ್ಯಾಂಡಲ್‌ನ ಹೈ ಮೇಲೆ 479ಕ್ಕೆ ಕ್ಲೋಸ್ ಆಯಿತು ಅಂತಿರಲಿ. 479ಕ್ಕೆ ಖರೀದಿ, 471ರಿಂದ ಅರ್ಧ ಎಟಿಆರ್ ಕೆಳಗೆ 467ಕ್ಕೆ ಸ್ಟಾಪ್‌ಲಾಸ್. ಅಪಾಯ 12, ಲಾಭ 41. ಈ ಎರಡನೆಯ ಲೆಕ್ಕದಲ್ಲಿ ಖರೀದಿ, ಸ್ಟಾಪ್‌ಲಾಸ್, ಗುರಿ ಮೂರಕ್ಕೂ ಫಿಬೊನಾಚಿ ಗೆರೆ ಸಂಬಂಧವೇ ಇಲ್ಲ. ಮೂರೂ ಬೆಲೆಯ ನಡೆಯಿಂದಲೇ ಬಂದವು. ಇದಕ್ಕೂ ನಷ್ಟದ ಮುಖ ಇದೆ: ಸ್ಟಾಪ್‌ಲಾಸ್ ಹತ್ತಿರ ಇರುವುದರಿಂದ ಅದು ಹೆಚ್ಚು ಸಲ ಹೊಡೆಯುತ್ತದೆ, ಮತ್ತು ಬೇಗ ತಿರುಗಿ ಓಡುವ ಕೆಲವು ಅವಕಾಶಗಳು ಕೈತಪ್ಪುತ್ತವೆ.

ಬೆಲೆ 400ರ ಕೆಳಗೆ ಕ್ಲೋಸ್ ಆದರೆ ಇಡೀ ಗೆರೆಗಳ ಗುಂಪನ್ನು ಅಳಿಸುತ್ತೇನೆ, ಇನ್ನೂ ಕೆಳಗಿನ ಹಳೆಯ ಸ್ವಿಂಗ್ ಹುಡುಕಿ ಮತ್ತೆ ಎಳೆಯುವುದಿಲ್ಲ. ದೊಡ್ಡ ಸುದ್ದಿಗೆ ಗ್ಯಾಪ್ ಬಿದ್ದು ಎರಡು ಗೆರೆ ಒಟ್ಟಿಗೆ ಹಾರಿಹೋದಾಗಲೂ ಆ ಏರಿಕೆಯ ಗೆರೆಗಳನ್ನು ಬಿಟ್ಟುಬಿಡುತ್ತೇನೆ, ಹೊಸ ಸ್ವಿಂಗ್ ಲೋ 4 ಎಟಿಆರ್ ಮೇಲೆದ್ದು ಖಚಿತವಾಗಿ, ಹೊಸ ಏರಿಕೆ ಹಿಂದಿನ ಸ್ವಿಂಗ್ ಹೈ ದಾಟುವ ತನಕ.